ಶೆಡ್ಡಿನ ಬಾಗಿಲಲ್ಲಿ ಯಾವ ಪ್ರಶ್ನೆ ಕೇಳಬೇಕು?

ಬೆಂಗಳೂರಿನ ಹೊರವಲಯದಲ್ಲಿ ಎದ್ದುನಿಲ್ಲುತ್ತಿರುವ ಯಾವುದಾದರೂ ಅಪಾರ್ಟ್‌ಮೆಂಟಿನ ಹಿಂಬದಿಗೆ ಹೋದರೆ ಕೂಲಿಕಾರರ ತಗಡಿನ ಶೆಡ್ಡುಗಳ ಸಾಲು ಕಾಣುತ್ತದೆ. ಅಲ್ಲಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿರುವ ಯಾದಗಿರಿ ಕಡೆಯ ಹೆಣ್ಣುಮಗಳನ್ನು, "ನಿಮ್ಮ ವಸತಿ ವ್ಯವಸ್ಥೆ ತೃಪ್ತಿಕರವಾಗಿದೆಯೇ?" ಎಂದು ಕೇಳಿ ನೋಡಿ. "ಚಲೋ ಅದರೀ" ಎನ್ನುತ್ತಾಳೆ. ಪಕ್ಕದ ಶೆಡ್ಡಿನಾಕೆಯೂ ಅದನ್ನೇ ಹೇಳುತ್ತಾಳೆ. ಹೀಗೆ ಮೂವತ್ತು ಮಂದಿಯನ್ನು ಕೇಳಿ ಮೂವತ್ತು "ಚಲೋ ಅದರೀ" ಬರೆದುಕೊಂಡು ಬಂದ ವಿದ್ಯಾರ್ಥಿ, ವಲಸೆ ಕಾರ್ಮಿಕರು ತಮ್ಮ ವಸತಿಯ ಬಗ್ಗೆ ಸಮಾಧಾನ ಹೊಂದಿದ್ದಾರೆ ಎಂದು ಪ್ರಬಂಧ ಬರೆದರೆ ಆಶ್ಚರ್ಯವಿಲ್ಲ.

ಆಕೆ ಸುಳ್ಳು ಹೇಳಿದಳೆಂದಲ್ಲ. ಶೆಡ್ಡು ಕೊಟ್ಟವನು ಮೇಸ್ತ್ರಿ, ಕೆಲಸ ಕೊಟ್ಟವನೂ ಅವನೇ, ಊರಲ್ಲಿ ಮುಂಗಡ ಕೊಟ್ಟಿದ್ದರೆ ಅದೂ ಅವನದೇ. ಅವನು ಇಪ್ಪತ್ತು ಹೆಜ್ಜೆ ಆಚೆ ನಿಂತಿರುವಾಗ ಬೇರೆ ಉತ್ತರ ಹೇಗೆ ಬಂದೀತು? ಇನ್ನೊಂದು ಮಾತೂ ಇದೆ. ಕಳೆದ ವರ್ಷ ನೀಲಿ ತಾಡಪಾಲಿನ ಕೆಳಗೆ ಮಳೆಗಾಲ ಕಳೆದವಳಿಗೆ ಈ ತಗಡಿನ ಸೂರು ನಿಜವಾಗಿಯೂ ಚಲೋ ಇರಬಹುದು. ಯಾವುದಕ್ಕೆ ಹೋಲಿಸಿದರೆ ಚಲೋ ಎಂದು ಪ್ರಶ್ನೆ ಕೇಳಿಯೇ ಇಲ್ಲ. ತಪ್ಪು ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ.

ಇಂಥ ಅಧ್ಯಯನಗಳಿಗೆ ಸಂಶೋಧಕರು ಸಾಮಾನ್ಯವಾಗಿ ಬಳಸುವುದು ಅರೆ-ರಚಿತ ಸಂದರ್ಶನ. ಗಣತಿಯವರು ತರುವ ಪ್ರಶ್ನಾವಳಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ, ಟಿಕ್ ಹಾಕಲು ಚೌಕಗಳು. ಕಟ್ಟೆಯ ಮೇಲಿನ ಹರಟೆಯಲ್ಲಿ ಅದು ಯಾವುದೂ ಇಲ್ಲ. ಅರೆ-ರಚಿತ ಸಂದರ್ಶನ ಇವೆರಡರ ನಡುವಿನದು. ಯಾವ ಯಾವ ವಿಷಯ ಮುಟ್ಟಲೇಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಮಾತಿನಲ್ಲಿ, ಯಾವ ಹೊತ್ತಿಗೆ ಕೇಳಬೇಕು ಎಂಬುದು ಎದುರಿಗೆ ಕೂತವರನ್ನು ನೋಡಿಕೊಂಡು ಬದಲಾಗುತ್ತದೆ. ಕೈಯಲ್ಲಿರುವ ಒಂದೆರಡು ಹಾಳೆಯ ಟಿಪ್ಪಣಿಗೆ ಸಂದರ್ಶನ ಮಾರ್ಗದರ್ಶಿ ಎನ್ನುತ್ತಾರೆ. ಅದನ್ನು ಕಟ್ಟುವ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. 2016ರಲ್ಲಿ ಹನ್ನಾ ಕಾಲಿಯೊ ಮತ್ತು ಸಂಗಡಿಗರು ಇಂಥ ಮಾರ್ಗದರ್ಶಿಗಳ ಬಗ್ಗೆ ಬಂದ ಬರಹಗಳನ್ನೆಲ್ಲ ಒಟ್ಟಿಗೆ ಓದಿ ಐದು ಹಂತಗಳನ್ನು ಗುರುತಿಸಿದರು: ಈ ವಿಷಯಕ್ಕೆ ಈ ವಿಧಾನ ಹೊಂದುತ್ತದೆಯೇ ಎಂದು ನೋಡುವುದು, ಈಗಾಗಲೇ ತಿಳಿದಿರುವುದನ್ನು ಓದಿಕೊಳ್ಳುವುದು, ಕರಡು ಬರೆಯುವುದು, ಪರೀಕ್ಷಿಸುವುದು, ಕೊನೆಗೆ ಪೂರ್ಣ ಮಾರ್ಗದರ್ಶಿಯನ್ನು ಓದುಗರ ಮುಂದಿಡುವುದು. ನಮ್ಮಲ್ಲಿ ಬಹಳ ಜನ ಮೂರನೆಯ ಹಂತದಿಂದ ಶುರುಮಾಡಿ ಅಲ್ಲಿಗೇ ಮುಗಿಸುತ್ತಾರೆ.

ಎರಡನೆಯ ಹಂತವನ್ನೇ ತೆಗೆದುಕೊಳ್ಳಿ. ಕಟ್ಟಡ ಕಾರ್ಮಿಕರ ವಸತಿಯ ಬಗ್ಗೆ ಕೇಳಹೊರಟವರು 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯ 34ನೇ ಕಲಮನ್ನು ಓದಿರಬೇಕು. ಕೆಲಸ ನಡೆಯುವಷ್ಟು ಕಾಲ ಮಾಲೀಕ ಕಾರ್ಮಿಕರಿಗೆ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು, ಅದು ಕಾಮಗಾರಿಯ ಜಾಗದಲ್ಲಿ ಅಥವಾ ಸಾಧ್ಯವಾದಷ್ಟು ಹತ್ತಿರದಲ್ಲಿ ಇರಬೇಕು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಪ್ರತ್ಯೇಕ ಅನುಕೂಲ ಇರಬೇಕು ಎಂದು ಆ ಕಲಂ ಹೇಳಿತು. ಕೆಲಸ ಮುಗಿದ ಮೇಲೆ ಆ ವಸತಿಯನ್ನು ಮಾಲೀಕನೇ ತನ್ನ ಖರ್ಚಿನಲ್ಲಿ ಕಿತ್ತುಹಾಕಬೇಕು ಎಂದೂ ಹೇಳಿತು. ಈ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಗಿದೆ. ಇನ್ನು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಹೆಸರೇ ಹೇಳುವಂತೆ, ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಒಡಿಶಾದಿಂದ ಗುತ್ತಿಗೆದಾರನ ಮೂಲಕ ಬಂದವರು ಅದರ ವ್ಯಾಪ್ತಿಗೆ ಬಂದರು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರು ಬರಲಿಲ್ಲ. ಒಂದೇ ಸೈಟಿನ ಅಕ್ಕಪಕ್ಕದ ಎರಡು ಶೆಡ್ಡುಗಳಿಗೆ ಎರಡು ಲೆಕ್ಕ.

ಇದನ್ನೆಲ್ಲ ಓದಿಕೊಂಡ ಮೇಲೆ, "ನಿಮಗೆ 34ನೇ ಕಲಮಿನ ಪ್ರಕಾರ ಸೌಲಭ್ಯ ಸಿಕ್ಕಿದೆಯೇ?" ಎಂದು ಕೇಳುವ ಚಪಲ ಬರುತ್ತದೆ. ಕೇಳಬಾರದು. ಕಾನೂನು ನಮಗೆ ಕೊಡುವುದು ಹುಡುಕಬೇಕಾದ ಜಾಗಗಳ ಪಟ್ಟಿಯನ್ನು ಮಾತ್ರ. ಅಡುಗೆ, ಸ್ನಾನ, ಶೌಚ, ಕೆಲಸಕ್ಕೂ ಸೂರಿಗೂ ಇರುವ ದೂರ, ಕೆಲಸ ಮುಗಿದ ದಿನ ಏನಾಗುತ್ತದೆ ಎಂಬುದು, ಇಷ್ಟು ಅದರಿಂದ ದೊರೆಯಿತು. ಇದರ ಜೊತೆಗೆ, ಬರೆಯಲು ಕೂರುವ ಮೊದಲು ಒಮ್ಮೆ ಸುಮ್ಮನೆ ಹೋಗಿ ನೋಡಿ ಬರಬೇಕು. ಏಕೆಂದರೆ ಎಲ್ಲರೂ ಸೈಟಿನ ಶೆಡ್ಡಿನಲ್ಲಿ ಇರುವುದಿಲ್ಲ. ಕೆಲವರು ಯಾರದೋ ಖಾಲಿ ನಿವೇಶನದಲ್ಲಿ ಬಿದಿರು, ತಾಡಪಾಲು ಕಟ್ಟಿಕೊಂಡು ದಿನಗೂಲಿಗೆ ನಾಕಾದಲ್ಲಿ ನಿಲ್ಲುತ್ತಾರೆ. ಒಂಟಿ ಹುಡುಗರು ಹಳೆಯ ಹಳ್ಳಿ ಭಾಗದ ವಠಾರಗಳಲ್ಲಿ ಒಂದು ಕೋಣೆಗೆ ಆರೇಳು ಮಂದಿ ಸೇರಿ ಇರುತ್ತಾರೆ. ಮೂವರಿಗೂ ಒಂದೇ ಮಾರ್ಗದರ್ಶಿ ಹಿಡಿದು ಹೊರಟರೆ ಅರ್ಧ ಪ್ರಶ್ನೆಗಳು ಅರ್ಧ ಜನರಿಗೆ ಅರ್ಥವೇ ಆಗುವುದಿಲ್ಲ. ಈ ಲೇಖನದ ಮಟ್ಟಿಗೆ ಸೈಟಿನ ಶೆಡ್ಡುಗಳಲ್ಲಿ ಕುಟುಂಬ ಸಮೇತ ಇರುವ ಉತ್ತರ ಕರ್ನಾಟಕದ ಕೂಲಿಕಾರರನ್ನು ಆರಿಸಿಕೊಳ್ಳೋಣ.

ಮೊದಲು ಸಂಶೋಧನೆಯ ಪ್ರಶ್ನೆ ಏನೆಂದು ಒಂದು ವಾಕ್ಯದಲ್ಲಿ ಬರೆಯಬೇಕು. ಉದಾಹರಣೆಗೆ: ಸೂರು ಕೊಡುವವನೂ ಕೆಲಸ ಕೊಡುವವನೂ ಒಬ್ಬನೇ ಆದಾಗ, ಕಾರ್ಮಿಕ ಕುಟುಂಬಗಳು ತಮ್ಮ ದಿನನಿತ್ಯದ ಬದುಕಿನಲ್ಲಿ ಯಾವುದನ್ನು ತಾವೇ ತೀರ್ಮಾನಿಸುತ್ತವೆ, ಯಾವುದನ್ನು ಬಿಟ್ಟುಕೊಡುತ್ತವೆ? ಇದು ಒಳ್ಳೆಯ ಸಂಶೋಧನಾ ಪ್ರಶ್ನೆ. ಆದರೆ ಶೆಡ್ಡಿನ ಬಾಗಿಲಲ್ಲಿ ಕೇಳುವ ಪ್ರಶ್ನೆ ಅಲ್ಲ. ಡೆನ್ಮಾರ್ಕಿನ ಸ್ಟೈನಾರ್ ಕ್ವಾಲೆ ಸಂದರ್ಶನದ ಬಗ್ಗೆ ಬರೆದ ಪುಸ್ತಕದಲ್ಲಿ ಒತ್ತಿ ಹೇಳುವುದು ಇದನ್ನೇ: ಸಂಶೋಧಕನ ಪ್ರಶ್ನೆ ಬೇರೆ, ಸಂದರ್ಶನದ ಪ್ರಶ್ನೆ ಬೇರೆ, ಮೊದಲನೆಯದು ಶಾಸ್ತ್ರದ ಭಾಷೆಯಲ್ಲಿ ಇರಬಹುದು, ಎರಡನೆಯದು ಎದುರಿಗಿರುವವರು ದಿನಾ ಆಡುವ ಮಾತಿನಲ್ಲಿರಬೇಕು. "ನೀವು ಏನನ್ನು ತೀರ್ಮಾನಿಸುತ್ತೀರಿ?" ಎಂದು ಯಾರನ್ನು ಕೇಳಿದರೂ ತಬ್ಬಿಬ್ಬಾಗುತ್ತಾರೆ. ತೀರ್ಮಾನಗಳು ನೀರಿನ ಸರದಿಯಲ್ಲಿ, ನೆಂಟರು ಬಂದ ರಾತ್ರಿಯಲ್ಲಿ, ಮಗುವಿಗೆ ಜ್ವರ ಬಂದಾಗ ಊರಿಗೆ ಹೋಗಲು ಕೇಳಿದ ರಜೆಯಲ್ಲಿ ಅಡಗಿರುತ್ತವೆ. ಅಲ್ಲಿಗೆ ಹೋಗಿ ಕೇಳಬೇಕು.

ಹಾಗಾಗಿ ಆರಂಭಕ್ಕೆ ದಿನಚರಿಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಜೇಮ್ಸ್ ಸ್ಪ್ರಾಡ್ಲಿ 1979ರ ತನ್ನ ಪುಸ್ತಕದಲ್ಲಿ ಇಂಥ ಪ್ರಶ್ನೆಗಳನ್ನು ಒಂದು ಜಾಗವನ್ನು ಪೂರ್ತಿ ಸುತ್ತಿಸಿ ತೋರಿಸುವ ಪ್ರಶ್ನೆಗಳೆಂದು ವಿವರಿಸುತ್ತಾನೆ. ನಮ್ಮ ಮಾರ್ಗದರ್ಶಿಯಲ್ಲಿ ಅದು ಹೀಗಿರಬಹುದು: "ಅಕ್ಕಾರ, ನಿನ್ನಿ ಮುಂಜಾನಿ ಎದ್ದಾಗಿಂದ ರಾತ್ರಿ ಮಲಗೋತನಕ ಏನೇನ್ ಮಾಡಿದ್ರಿ, ಒಂದೊಂದಾಗಿ ಹೇಳ್ರಿ." ದಿನಾಲೂ ಏನು ಮಾಡುತ್ತೀರಿ ಎಂದು ಕೇಳಿದರೆ "ಏನೈತ್ರೀ, ದುಡಿಯೂದು, ಉಣ್ಣೂದು, ಮಲಗೂದು" ಎಂಬ ಸಾರಾಂಶ ಸಿಗುತ್ತದೆ. ನಿನ್ನೆ ಎಂದರೆ ಮಾತ್ರ ನಾಲ್ಕು ಗಂಟೆಗೆ ಎದ್ದದ್ದು, ಶೌಚಕ್ಕೆ ಬೆಳಕಾಗುವ ಮುಂಚೆ ಇನ್ನೊಬ್ಬಳ ಜೊತೆ ಹೋದದ್ದು, ಒಲೆ ಹೊರಗೆ ಹಚ್ಚಿದ್ದು ಸರದಿಯಾಗಿ ಬರುತ್ತವೆ. ಮಾರ್ಗದರ್ಶಿಯ ಅರ್ಧ ವಿಷಯಗಳು ಆಕೆಯ ಬಾಯಲ್ಲೇ ಬಂದುಬಿಡುತ್ತವೆ. ಮುಂದಿನ ಒಂದು ಗಂಟೆ ಅವುಗಳನ್ನು ಹಿಂಬಾಲಿಸಿದರೆ ಸಾಕು.

ಒಂದು ವಿಷಯವನ್ನು ಪೂರ್ತಿ ಬಿಡಿಸಿ ನೋಡೋಣ. ನೀರು. ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಮುಖ್ಯ ಪ್ರಶ್ನೆ: "ನಿನ್ನಿ ನಿಮ್ಮ ಮನಿಗಿ ನೀರು ಹೆಂಗ ಬಂತು?" ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬೇಕಾದರೆ ಮಾತ್ರ ಬಳಸುವ ಕೆದಕು ಪ್ರಶ್ನೆಗಳು: ಯಾರು ಹಿಡಿದರು, ಎಷ್ಟು ಕೊಡ, ಎಲ್ಲಿ ತುಂಬಿಟ್ಟರು, ಕುಡಿಯಲು ಬೇರೆಯೇ, ಟ್ಯಾಂಕರ್ ಬಾರದ ದಿನ ಏನಾಯಿತು. ಬಲಗಡೆ ಅಂಚಿನಲ್ಲಿ ನಮಗೆ ನಾವೇ ಬರೆದುಕೊಂಡ ಒಂದು ಗುರುತು: ಇದು ಸಂಶೋಧನೆಯ ಯಾವ ಭಾಗಕ್ಕೆ? ಇಲ್ಲಿ ಉತ್ತರ, ಹಂಚುವ ಅಧಿಕಾರ ಯಾರದು ಎಂಬುದು. ಅಂಚಿನಲ್ಲಿ ಬರೆಯಲು ಏನೂ ತೋಚದ ಪ್ರಶ್ನೆಯನ್ನು ಹೊಡೆದುಹಾಕಬೇಕು. ಈ ಒಂದು ಕಟ್ಟುನಿಟ್ಟಿನಿಂದ ಮೊದಲ ಕರಡಿನ ಮೂರನೆಯ ಒಂದು ಭಾಗ ಉದುರಿಹೋಗುವುದುಂಟು.

ಈಗ ಮಾತು ಹೀಗೆ ಸಾಗಿತು ಎಂದಿಟ್ಟುಕೊಳ್ಳಿ. ಆಕೆ ಹೇಳುತ್ತಾಳೆ: "ಟ್ಯಾಂಕರ್ ಬರ್ತದ್ರಿ. ಮೇಸ್ತ್ರಿ ಹೇಳಿದವರು ಮೊದಲ ಹಿಡೀತಾರ, ಆಮ್ಯಾಗ ನಾವು." ಪ್ರಶ್ನಾವಳಿ ಹಿಡಿದವನು ನೀರಿನ ಮೂಲ: ಟ್ಯಾಂಕರ್ ಎಂದು ಬರೆದು ಮುಂದಿನ ಚೌಕಕ್ಕೆ ಹೋಗುತ್ತಾನೆ. ಮಾರ್ಗದರ್ಶಿ ಹಿಡಿದವಳು ಅಲ್ಲಿ ನಿಲ್ಲಬೇಕು. "ಮೇಸ್ತ್ರಿ ಹೇಳಿದವರು ಮೊದಲ ಅಂದ್ರಲ್ಲ, ಹೋದ ಸಲ ಯಾರಿಗಿ ಮೊದಲ ಸಿಕ್ತು?" ಉತ್ತರವಾಗಿ, ಭಾನುವಾರವೂ ಕೆಲಸಕ್ಕೆ ಬಂದ ಜೋಡಿಗಳಿಗೆ ಎಂದಳು ಅನ್ನಿ. ನೀರಿನ ಪ್ರಶ್ನೆ ಕೂಲಿಯ ಪ್ರಶ್ನೆಯಾಯಿತು. ನಾಳೆ ರಜೆ ಬೇಕೆಂದು ಬಾಯಿ ತೆರೆಯುವ ಮೊದಲು ಆಕೆ ಖಾಲಿ ಕೊಡಗಳನ್ನು ನೆನೆಯುತ್ತಾಳೆ ಎಂಬುದು "ವಸತಿ ತೃಪ್ತಿಕರವೇ" ಎಂಬ ಪ್ರಶ್ನೆಗೆ ಎಂದೂ ಸಿಗುತ್ತಿರಲಿಲ್ಲ. ಗಮನಿಸಿ: ಕೆದಕು ಪ್ರಶ್ನೆ ಹಾಳೆಯಲ್ಲಿ ಇರಲಿಲ್ಲ, ಆಕೆಯ ಮಾತಿನಿಂದಲೇ ಹುಟ್ಟಿತು. ಮಾರ್ಗದರ್ಶಿ ಉದ್ದವಾದಷ್ಟೂ ಇಂಥ ಪ್ರಶ್ನೆಗೆ ಜಾಗ ಕಡಿಮೆಯಾಗುತ್ತದೆ. ಒಂದು ಗಂಟೆಗೆ ಐದಾರು ವಿಷಯ, ವಿಷಯಕ್ಕೊಂದು ಮುಖ್ಯ ಪ್ರಶ್ನೆ, ಅದಕ್ಕೆ ಮೂರು ನಾಲ್ಕು ಕೆದಕು. ಇದಕ್ಕಿಂತ ಹೆಚ್ಚು ಬರೆದುಕೊಂಡವರು ಮುಂದಿನ ಪ್ರಶ್ನೆ ಓದುವುದರಲ್ಲೇ ಇರುತ್ತಾರೆ, ಕೇಳಿಸಿಕೊಳ್ಳುವುದಿಲ್ಲ.

ಹಣದ ವಿಷಯಕ್ಕೆ ಬಂದಾಗ ಇನ್ನೂ ಎಚ್ಚರ ಬೇಕು. "ಬಾಡಿಗೆ ಎಷ್ಟು?" ಎಂದರೆ "ಇಲ್ರೀ" ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು. ಆದರೆ ಕರೆಂಟಿಗೆಂದು, ನೀರಿಗೆಂದು, ತಗಡಿಗೆಂದು ಬಟವಾಡೆಯಲ್ಲಿ ಮುರಿದುಕೊಂಡಿದ್ದರೆ ಅದು ಬಾಡಿಗೆಯ ಪ್ರಶ್ನೆಯಲ್ಲಿ ಸಿಗುವುದಿಲ್ಲ. "ಹೋದ ಬಟವಾಡೆ ದಿನ ಕೈಗೆ ಎಷ್ಟು ಬಂತು, ಏನೇನು ಮುರಕೊಂಡ್ರು?" ಎಂದು ಕೇಳಿದರೆ ಸಿಗುತ್ತದೆ. ಇಲ್ಲಿಯೂ ಸೂತ್ರ ಒಂದೇ: ಸಾಮಾನ್ಯ ಸ್ಥಿತಿ ಕೇಳಬೇಡಿ, ಕಳೆದ ಸಲದ ಘಟನೆ ಕೇಳಿ.

ಕ್ರಮದ ಬಗ್ಗೆ ಪಠ್ಯಪುಸ್ತಕಗಳು ಸುಲಭದಿಂದ ಕಷ್ಟಕ್ಕೆ ಹೋಗಿ ಎನ್ನುತ್ತವೆ. ಒಪ್ಪುವ ಮಾತೇ, ಆದರೆ ಅತಿ ಕಷ್ಟದ್ದನ್ನು ಕೊನೆಗೆ ಇಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಹೆಂಗಸರ ಸ್ನಾನ, ಶೌಚ, ರಾತ್ರಿಯ ಭಯ, ಶೆಡ್ಡು ಖಾಲಿ ಮಾಡಿಸಿದ ದಿನ ಇವನ್ನು ಕೇಳಿ ಪುಸ್ತಕ ಮಡಚಿ ಎದ್ದುಬಂದರೆ ಆಕೆಯನ್ನು ಆ ನೆನಪಿನಲ್ಲೇ ಬಿಟ್ಟು ಬಂದಂತೆ. ಅವು ಮೂರನೇ, ನಾಲ್ಕನೇ ವಿಷಯಗಳಾಗಿ ನಡುವೆ ಬರಲಿ. ಊರಿನಿಂದ ಇಲ್ಲಿಗೆ ಬಂದ ದಾರಿ, ನಿನ್ನೆಯ ದಿನ, ನೀರು-ಒಲೆ-ಶೌಚ, ಕೂಲಿ ಮತ್ತು ಮೇಸ್ತ್ರಿ, ಹಿಂದಿನ ಸೈಟು ಮುಗಿದಾಗ ಆದದ್ದು, ಕೊನೆಗೆ ಊರಿನ ಮನೆ. ಊರಲ್ಲಿ ಕಟ್ಟುತ್ತಿರುವ ಮನೆಯ ಬಗ್ಗೆ ಕೇಳಿದರೆ ಮುಖ ಅರಳುವುದು ಮಾತ್ರವಲ್ಲ, ಇಲ್ಲಿ ತಗಡಿನ ಕೆಳಗೆ ಇರಲು ಯಾಕೆ ಒಪ್ಪಿದರು ಎಂಬುದಕ್ಕೆ ಉತ್ತರ ಬಹುಪಾಲು ಅಲ್ಲೇ ಇರುತ್ತದೆ. "ಯಾಕೆ ಒಪ್ಪಿದಿರಿ?" ಎಂದು ನೇರವಾಗಿ ಕೇಳಿದ್ದರೆ ಅದು ತಪ್ಪೊಪ್ಪಿಸುವ ಪ್ರಶ್ನೆಯಾಗುತ್ತಿತ್ತು. ಪೊಲೀಸರು, ಹೆಡ್‌ಮೇಷ್ಟ್ರು ಕೇಳುವ "ಯಾಕೆ" ಜನರಿಗೆ ಚೆನ್ನಾಗಿ ಪರಿಚಯವಿದೆ. ಸಂದರ್ಶನದಲ್ಲಿ ಅದನ್ನು ಆದಷ್ಟು ತಪ್ಪಿಸಬೇಕು.

ಬಾಯಿ ಹೇಳದ್ದನ್ನು ಕೆಲವೊಮ್ಮೆ ಶೆಡ್ಡೇ ಹೇಳುತ್ತದೆ. ಅದಕ್ಕಾಗಿ ಮಾರ್ಗದರ್ಶಿಯಲ್ಲಿ ಒಂದು ಕಡೆ "ಒಳಗ ತೋರಿಸ್ತೀರೇನ್ರಿ?" ಎಂದು ಬರೆದುಕೊಂಡಿರಬೇಕು. ಒಪ್ಪಿದರೆ ಮಾತ್ರ. ಮಂಚದ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದು ಕಂಡರೆ, "ಇಟ್ಟಂಗಿ ಯಾವಾಗ ಇಟ್ರಿ?" ಎಂಬ ಒಂದೇ ಪ್ರಶ್ನೆಗೆ ಕಳೆದ ಮಳೆಯ ರಾತ್ರಿಯ ಕಥೆಯೆಲ್ಲ ಹೊರಬರುತ್ತದೆ: ನೀರು ಎಲ್ಲಿಂದ ನುಗ್ಗಿತು, ಮಕ್ಕಳನ್ನು ಎಲ್ಲಿ ಮಲಗಿಸಿದರು, ಮೇಸ್ತ್ರಿಗೆ ಹೇಳಿದಾಗ ಏನೆಂದ, ಮರುದಿನ ಕೆಲಸಕ್ಕೆ ಹೋದರೋ ಇಲ್ಲವೋ. ಮಳೆಗಾಲದಲ್ಲಿ ನಿಮ್ಮ ಸಮಸ್ಯೆಗಳೇನು ಎಂಬ ಪ್ರಶ್ನೆ ಇದರ ಹತ್ತಿರಕ್ಕೂ ಬರಲಾರದು.

ಎಲ್ಲಿ, ಯಾವಾಗ ಎಂಬುದೂ ಮಾರ್ಗದರ್ಶಿಯ ಮೊದಲ ಪುಟದಲ್ಲೇ ಇರಬೇಕು. ತಗಡಿನ ಗೋಡೆಗೆ ಕಿವಿಗಳಿವೆ. ಪಕ್ಕದವರು ಕೆಮ್ಮಿದ್ದೂ ಕೇಳುತ್ತದೆ. ಗಂಡ ಪಕ್ಕದಲ್ಲಿ ಕೂತಾಗ ಹೆಂಡತಿಯ ಸಂದರ್ಶನ ಗಂಡನ ಸಂದರ್ಶನವೇ ಆಗುತ್ತದೆ. ವಾರದ ರಜೆಯ ದಿನ, ಬಟ್ಟೆ ಒಗೆಯುವ ಕಡೆ ಅಥವಾ ಸಂತೆಗೆ ಹೋಗುವ ದಾರಿಯಲ್ಲಿ ಮಾತಾಡುವುದು ಎಷ್ಟೋ ವಾಸಿ. ಹೆಂಗಸರನ್ನು ಹೆಂಗಸರೇ ಮಾತಾಡಿಸಬೇಕು. ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಳೆ ತಂದರೆ, ಮುಂಗಡದ ಕಾಗದಕ್ಕೆ ಒಮ್ಮೆ ಒತ್ತಿ ಕಂಡವರು ಬೆದರುತ್ತಾರೆ. ವಿಷಯ ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆಯನ್ನು ಅದನ್ನು ಕೇಳಿದ ಇನ್ನೊಬ್ಬರ ಸಾಕ್ಷಿಯೊಂದಿಗೆ ಬರೆದುಕೊಳ್ಳಬಹುದು. ಧ್ವನಿ ಮುದ್ರಣಕ್ಕೆ ಬೇರೆಯೇ ಒಪ್ಪಿಗೆ ಬೇಕು. ಬೇಡವೆಂದರೆ ಪೆನ್ನು ಸಾಕು. ಟಿಪ್ಪಣಿಯಲ್ಲಿ ಬಿಲ್ಡರ್ ಹೆಸರಾಗಲಿ ಮೇಸ್ತ್ರಿಯ ಹೆಸರಾಗಲಿ ಬೇಡ. ವರದಿಯಲ್ಲಿ ಹೆಸರು ಬದಲಿಸಿದರೂ ಸೈಟು ಗುರುತು ಸಿಕ್ಕರೆ ಯಾರು ಮಾತಾಡಿದರೆಂದು ಪತ್ತೆ ಹಚ್ಚುವುದು ಮೇಸ್ತ್ರಿಗೆ ಕಷ್ಟವಲ್ಲ.

ಕರಡು ಆದ ಮೇಲೆ ಪರೀಕ್ಷೆ. ಕಾಲಿಯೊ ತಂಡ ಇದಕ್ಕೆ ಮೂರು ದಾರಿ ಹೇಳುತ್ತದೆ: ತಂಡದವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು, ಕ್ಷೇತ್ರ ಬಲ್ಲವರಿಗೆ ತೋರಿಸುವುದು, ನಿಜವಾದ ಕೆಲವರ ಮೇಲೆ ಪ್ರಯೋಗಿಸುವುದು. ಮೊದಲನೆಯದನ್ನು ಹಗುರವಾಗಿ ಕಾಣಬೇಡಿ. ಶೌಚದ ಪ್ರಶ್ನೆಗೆ ನೀವೇ ಉತ್ತರ ಕೊಡುವಾಗ ಮುಜುಗರವಾದರೆ ಆ ಪ್ರಶ್ನೆಯ ಮಾತು ಸರಿಯಿಲ್ಲ ಎಂದೇ ಅರ್ಥ. ಎರಡನೆಯದಕ್ಕೆ ಪ್ರಾಧ್ಯಾಪಕರಿಗಿಂತ ಕಾರ್ಮಿಕ ಸಂಘದಲ್ಲಿ ವರ್ಷಗಟ್ಟಲೆ ಓಡಾಡಿದವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಮೂರನೆಯದರಲ್ಲಿ ಮಾರ್ಗದರ್ಶಿ ಸೋಲುತ್ತಿದೆ ಎಂಬುದಕ್ಕೆ ಗುರುತುಗಳು ಸ್ಪಷ್ಟವಾಗಿರುತ್ತವೆ. ಮುದ್ರಣ ಬರೆದಿಳಿಸಿದಾಗ ನಿಮ್ಮ ಸಾಲುಗಳು ಅವರ ಸಾಲುಗಳಿಗಿಂತ ಉದ್ದವಾಗಿದ್ದರೆ, ಎಲ್ಲರೂ ಒಂದೇ ಪದದಲ್ಲಿ ಒಂದೇ ಉತ್ತರ ಕೊಡುತ್ತಿದ್ದರೆ, ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದರಿಂದ ಒಂದಕ್ಕೆ ಮಾತ್ರ ಉತ್ತರ ಬಂದಿದ್ದರೆ ("ನೀರು, ಕರೆಂಟು ಸರಿಯಾಗಿ ಬರ್ತದಾ?" ಎಂಬಂಥವು), ಆ ಜಾಗವನ್ನು ತಿದ್ದಬೇಕು. ತಿದ್ದಿದ ಪ್ರತಿಯ ಮೇಲೆ ತಾರೀಖು ಹಾಕಿ, ಹಳೆಯದನ್ನು ಎಸೆಯದೆ ಇಟ್ಟುಕೊಳ್ಳಬೇಕು. ಯಾವ ಸಂದರ್ಶನ ಯಾವ ಪ್ರತಿಯಿಂದ ಆಯಿತೆಂದು ತಿಳಿಯದಿದ್ದರೆ ಕೊನೆಗೆ ಹೋಲಿಸಿ ನೋಡಲು ಬರುವುದಿಲ್ಲ.

ಎಷ್ಟು ಜನರನ್ನು ಕೇಳಬೇಕು ಎಂದು ಎಲ್ಲರೂ ಕೇಳುತ್ತಾರೆ. ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು 2006ರಲ್ಲಿ, ಪಶ್ಚಿಮ ಆಫ್ರಿಕಾದ ಎರಡು ದೇಶಗಳ 60 ಮಹಿಳೆಯರ ಸಂದರ್ಶನಗಳನ್ನು ಪರಿಶೀಲಿಸಿ, ಮೊದಲ 12ರಲ್ಲೇ ಬಹುತೇಕ ಹೊಸ ಅಂಶಗಳು ಬಂದುಬಿಟ್ಟಿದ್ದವು ಎಂದು ತೋರಿಸಿದರು. ಅಂದಿನಿಂದ ಹನ್ನೆರಡು ಎಂಬುದು ಮಂತ್ರವಾಗಿಬಿಟ್ಟಿದೆ. ಆದರೆ ಆ ಲೆಕ್ಕ, ಕೇಳಲ್ಪಟ್ಟವರು ಹೆಚ್ಚುಕಡಿಮೆ ಒಂದೇ ಬಗೆಯವರಾಗಿದ್ದು, ಎಲ್ಲರಿಗೂ ಒಂದೇ ವಿಷಯಗಳನ್ನು ಕೇಳಿದಾಗಿನದು. ಕುಟುಂಬದವರು, ಒಂಟಿ ಹುಡುಗರು, ಗಡಿ ದಾಟಿ ಬಂದವರು ಎಂದು ಬಗೆಗಳು ಬೇರೆಯಾದರೆ ಪ್ರತಿ ಬಗೆಗೂ ಬೇರೆ ಲೆಕ್ಕ ಹಿಡಿಯಬೇಕು.

ಕೊನೆಯ ಒಂದು ಮಾತು ಮಾರ್ಗದರ್ಶಿ ಬರೆಯುವವರಿಗೆ. ಸಂದರ್ಶನದ ಕೊನೆಗೆ "ನೀವೇನಾದರೂ ಕೇಳೂದಿದ್ರ ಕೇಳ್ರಿ" ಎನ್ನುವುದು ವಾಡಿಕೆ. ಶೆಡ್ಡುಗಳಲ್ಲಿ ಆಗ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದರಿಂದ ನಮಗ ಮನಿ ಸಿಗ್ತದೇನ್ರಿ?" ಇಲ್ಲ ಎಂಬುದೇ ನಿಜವಾದ ಉತ್ತರ. ಅದನ್ನು ಆ ಹೊತ್ತಿಗೆ ತಡವರಿಸುತ್ತಾ ಹೇಳುವ ಬದಲು ಮೊದಲ ಪುಟದಲ್ಲೇ ಅವರ ಮಾತಿನಲ್ಲಿ ಬರೆದುಕೊಂಡು, ಮೊದಲ ಪ್ರಶ್ನೆಗೆ ಮುಂಚೆಯೇ ಓದಿ ಹೇಳಿ. ಜೊತೆಗೆ ಕಾರ್ಮಿಕ ಇಲಾಖೆಯ ಹತ್ತಿರದ ಕಚೇರಿಯ ವಿಳಾಸ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸುವ ಬಗೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಈ ಎರಡೂ ಸಿದ್ಧವಿಲ್ಲದಿದ್ದರೆ ಪ್ರಶ್ನೆಗಳೆಷ್ಟೇ ಚೆನ್ನಾಗಿದ್ದರೂ ಆ ಮಾರ್ಗದರ್ಶಿ ಹಿಡಿದು ಸೈಟಿಗೆ ಹೋಗಬೇಡಿ.